ಆ 90 ದಿನ ರಿಯಾಯಿತಿಗೆ, ರಕ್ಷಣೆಗಲ್ಲ

ದಾವಣಗೆರೆಯಲ್ಲಿ ಒಬ್ಬ ಮೇಷ್ಟ್ರು ಇದ್ದಾರೆ ಎಂದುಕೊಳ್ಳೋಣ. ಅವರದು 1,197 ಸಿಸಿಯ ಪೆಟ್ರೋಲ್ ಕಾರು. ಕಳೆದ ಐದು ವರ್ಷ ಇನ್ಶೂರೆನ್ಸ್ ಕಂಪನಿಯಿಂದ ಒಂದು ರೂಪಾಯಿಯನ್ನೂ ಕೇಳಿದವರಲ್ಲ. ಈ ಸಲ ಪಾಲಿಸಿ ಮಾರ್ಚ್ 10ರ ಮಧ್ಯರಾತ್ರಿಗೆ ಮುಗಿಯಿತು. ಮೊಬೈಲ್ ನಂಬರ್ ಬದಲಾಗಿದ್ದರಿಂದ ಕಂಪನಿಯ ಸಂದೇಶ ಅವರಿಗೆ ಸಿಗಲೇ ಇಲ್ಲ. ಏಪ್ರಿಲ್ ಕೊನೆಯಲ್ಲಿ ಯಾವುದೋ ಕಾಗದ ಹುಡುಕುವಾಗ ಹಳೆಯ ಪಾಲಿಸಿ ಕೈಗೆ ಬಂತು. ಗಾಬರಿಯಾಗಿ ಸಹೋದ್ಯೋಗಿಯನ್ನು ಕೇಳಿದರೆ, "ತೊಂಬತ್ತು ದಿನ ಟೈಮ್ ಇರುತ್ತೆ ಸಾರ್, ಏನೂ ಆಗಲ್ಲ" ಎಂಬ ಉತ್ತರ ಬಂತು.

ಆ ಮಾತಿನಲ್ಲಿ ಅರ್ಧ ನಿಜ, ಅರ್ಧ ಅಪಾಯ. 90 ದಿನದ ಗಡುವು ಇರುವುದು ನಿಜ. ಆದರೆ ಅದು ಕಾಯುವುದು ಮೇಷ್ಟ್ರ ರಿಯಾಯಿತಿಯನ್ನು ಮಾತ್ರ. ಕಾರನ್ನೂ ಕಾಯುವುದಿಲ್ಲ, ಮೇಷ್ಟ್ರನ್ನೂ ಕಾಯುವುದಿಲ್ಲ.

ಇದು ಅರ್ಥವಾಗಬೇಕಾದರೆ ಪಾಲಿಸಿಯೊಳಗಿನ ಎರಡು ಭಾಗಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಥರ್ಡ್ ಪಾರ್ಟಿ: ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ. ಕಾನೂನು ಕಡ್ಡಾಯ ಮಾಡಿರುವುದು ಇದನ್ನೇ, ಇದರ ದರವನ್ನು ನಿಗದಿ ಮಾಡುವುದು ಸರ್ಕಾರ. ಇನ್ನೊಂದು ಓನ್ ಡ್ಯಾಮೇಜ್: ನಮ್ಮ ಗಾಡಿಗೇ ಏಟು ಬಿದ್ದರೆ, ಕಳವಾದರೆ ಸಿಗುವ ವಿಮೆ. ನೋ ಕ್ಲೇಮ್ ಬೋನಸ್ ಎನ್ನುವುದು ಈ ಎರಡನೆಯ ಭಾಗದ ಪ್ರೀಮಿಯಂನಲ್ಲಿ ಮಾತ್ರ ಸಿಗುವ ಕಡಿತ. ಹೆಸರಲ್ಲಿ ಬೋನಸ್ ಇದ್ದರೂ ಕೈಗೆ ಹಣ ಬರುವುದಿಲ್ಲ, ಕಟ್ಟುವ ಹಣ ಕಡಿಮೆಯಾಗುತ್ತದೆ ಅಷ್ಟೆ.

ಈ ಕಡಿತಕ್ಕೆ ಐದು ಮೆಟ್ಟಿಲು. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಶೇ. 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ಮೆಟ್ಟಿಲು ಮುಗಿಯಿತು. ನಡುವೆ ಒಂದು ಕ್ಲೇಮ್ ಮಾಡಿದರೆ ಒಂದು ಮೆಟ್ಟಿಲು ಇಳಿಯುವುದಲ್ಲ, ಮುಂದಿನ ರಿನ್ಯೂವಲ್‌ನಲ್ಲಿ ನೇರ ನೆಲಕ್ಕೆ ಬರುತ್ತೇವೆ. ಪಾಲಿಸಿ ಮುಗಿದು 90 ದಿನ ದಾಟಿದರೂ ಗತಿ ಇದೇ.

ಈಗ ಮೇಷ್ಟ್ರ ಲೆಕ್ಕ. ಅವರ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ರಿಯಾಯಿತಿಗೆ ಮುಂಚೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 50 ಕಳೆದರೆ 6,000. ಈ ಗಾತ್ರದ ಕಾರಿಗೆ 2022ರಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ದರ 3,416 ರೂಪಾಯಿ. ಎರಡನ್ನೂ ಕೂಡಿಸಿ ಶೇ. 18 ಜಿಎಸ್‌ಟಿ ಹಾಕಿದರೆ ಸುಮಾರು 11,111 ರೂಪಾಯಿ. ಮಾರ್ಚ್ 10ರಿಂದ 90 ದಿನ ಎಣಿಸಿದರೆ ಜೂನ್ 8ಕ್ಕೆ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಕಟ್ಟಿದರೆ ಈ ಮೊತ್ತವೇ. ಶಾಲೆ ಶುರುವಾದ ಗಡಿಬಿಡಿಯಲ್ಲಿ ಜೂನ್ 20 ಆಯಿತೆಂದರೆ ಕಡಿತ ಹೋಗಿ 18,191 ರೂಪಾಯಿ ಕಟ್ಟಬೇಕು. ವ್ಯತ್ಯಾಸ 7,080.

ನಷ್ಟ ಒಂದೇ ವರ್ಷಕ್ಕೆ ಮುಗಿದರೆ ಚಿಂತೆಯಿರಲಿಲ್ಲ. ಪ್ರತಿವರ್ಷ ಶೇ. 50 ಪಡೆಯಬೇಕಿದ್ದವರು ಈಗ ಸೊನ್ನೆ, 20, 25, 35, 45 ಎಂದು ಮತ್ತೆ ಹತ್ತಬೇಕು. ಕೈತಪ್ಪಿದ್ದನ್ನು ಕೂಡಿಸಿದರೆ 50, 30, 25, 15, 5, ಒಟ್ಟು ಶೇ. 125. ಅಂದರೆ ಒಂದು ವರ್ಷದ ಪೂರ್ತಿ ಓನ್ ಡ್ಯಾಮೇಜ್ ಪ್ರೀಮಿಯಂ, ಮೇಲೆ ಅದರ ಕಾಲುಭಾಗ. 12,000ದ ಲೆಕ್ಕದಲ್ಲಿ 15,000, ಜಿಎಸ್‌ಟಿ ಸೇರಿ 17,700 ರೂಪಾಯಿ. ಕಾರು ಹಳೆಯದಾದಂತೆ ಅದರ ವಿಮಾ ಮೌಲ್ಯ ಇಳಿದು ಪ್ರೀಮಿಯಂ ಕೂಡ ತುಸು ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆಯಿದ್ದೀತು.

ಸಣ್ಣಪುಟ್ಟ ಕ್ಲೇಮ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೂ ಇದೇ ಲೆಕ್ಕ ಸಾಕು. ಬಂಪರ್ ಒಡೆದು 9,000 ರೂಪಾಯಿ ಬಿಲ್ ಆಯಿತೆನ್ನಿ. ಅದರಲ್ಲಿ 6,000 ಬಂಪರ್‌ಗೆ, ಉಳಿದದ್ದು ಕೂಲಿ ಮತ್ತು ಬಣ್ಣಕ್ಕೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯ ಅರ್ಧ ಸವಕಳಿಗೆ ಹೋಗುತ್ತದೆ. 1,500 ಸಿಸಿವರೆಗಿನ ಕಾರಿನ ಪ್ರತಿ ಕ್ಲೇಮ್‌ನಲ್ಲೂ 1,000 ರೂಪಾಯಿ ನಾವೇ ಭರಿಸಬೇಕು. ಕೊನೆಗೆ ಕೈಗೆ ಬರುವುದು ಹೆಚ್ಚೆಂದರೆ 5,000. ಅದಕ್ಕಾಗಿ ಐದನೇ ಮೆಟ್ಟಿಲಿಂದ ಇಳಿಯುವುದಕ್ಕಿಂತ ಗ್ಯಾರೇಜಿನವನಿಗೆ ಜೇಬಿನಿಂದ ಕೊಡುವುದೇ ಮೇಲು. ಬಿಲ್ 60,000 ಆದರೆ ಮಾತು ಬೇರೆ. ವಿಮೆ ಮಾಡಿಸುವುದೇ ಅಂಥ ಹೊತ್ತಿಗೆ.

ಇನ್ನು ಮಾರ್ಚ್ 10 ಮತ್ತು ಜೂನ್ 8ರ ನಡುವಿನ ಖಾಲಿ ದಿನಗಳಿಗೆ ಬರೋಣ. ಮೇಷ್ಟ್ರು ಏಪ್ರಿಲ್ 2ರಂದು ಹರಿಹರದ ದಾರಿಯಲ್ಲಿ ಒಬ್ಬ ಬೈಕ್ ಸವಾರನಿಗೆ ಡಿಕ್ಕಿ ಹೊಡೆದರೆ ಏನಾಗುತ್ತದೆ? ಅಂದು ಪಾಲಿಸಿ ಇರಲಿಲ್ಲ. ಮಾರನೆಯ ದಿನ ರಿನ್ಯೂ ಮಾಡಿಸಿದರೂ ಹಿಂದಿನ ಅಪಘಾತಕ್ಕೆ ಅದು ಅನ್ವಯಿಸುವುದಿಲ್ಲ, ಏಕೆಂದರೆ ಹೊಸ ಪಾಲಿಸಿ ಹಣ ಕಟ್ಟಿದ ಮೇಲೆ, ಅದರಲ್ಲಿ ನಮೂದಿಸಿದ ಗಳಿಗೆಯಿಂದಷ್ಟೇ ಜೀವ ಪಡೆಯುತ್ತದೆ. ಸವಾರನ ಆಸ್ಪತ್ರೆ ಖರ್ಚು, ಹೋದ ಸಂಪಾದನೆ, ಅಂಗವೈಕಲ್ಯ ಇವಕ್ಕೆಲ್ಲ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎಷ್ಟು ಗೊತ್ತುಮಾಡುತ್ತದೋ ಅಷ್ಟನ್ನೂ ಮೇಷ್ಟ್ರೇ ತುಂಬಬೇಕು. ಸಂಬಳ, ಮನೆ, ಸೈಟು ಎಲ್ಲವೂ ಆ ಲೆಕ್ಕದೊಳಗೆ ಬರುತ್ತವೆ. ಇದರ ಮುಂದೆ ಪೊಲೀಸರ ದಂಡ ಏನೂ ಅಲ್ಲ: ಮೊದಲ ಸಲ 2,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ಒಮ್ಮೆ ಕಡಿದುಹೋದ ಓನ್ ಡ್ಯಾಮೇಜ್ ವಿಮೆಯನ್ನು ಜೋಡಿಸುವುದು ಹಣ ಕಟ್ಟಿದಷ್ಟು ಸಲೀಸಲ್ಲ. ಕಂಪನಿಯವರು ಸಾಮಾನ್ಯವಾಗಿ ಗಾಡಿಯನ್ನು ನೋಡಲು ಯಾರನ್ನಾದರೂ ಕಳಿಸುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ವಿಡಿಯೊ ಕೇಳುತ್ತಾರೆ. ನಾಲ್ಕೂ ಬದಿ, ಗಾಜು, ಚಾಸಿಸ್ ನಂಬರ್, ಓಡಿದ ಕಿಲೋಮೀಟರ್ ಎಲ್ಲ ಅದರಲ್ಲಿ ಕಾಣಬೇಕು. ಆಗ ಕಂಡ ತಗ್ಗು, ಗೀರುಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ಅವುಗಳಿಗೆ ಕ್ಲೇಮ್ ಸಿಗದು.

ಆನ್‌ಲೈನ್‌ನಲ್ಲಿ ಕಟ್ಟುವವರು ಇನ್ನೊಂದು ಕಡೆ ಎಡವುತ್ತಾರೆ. "ಹೋದ ವರ್ಷ ಕ್ಲೇಮ್ ಮಾಡಿದ್ದೀರಾ? ಪಾಲಿಸಿ ಮುಗಿದು 90 ದಿನ ಆಯಿತೇ?" ಎಂಬ ಪ್ರಶ್ನೆಗಳು ಪರದೆಯ ಮೇಲೆ ಬರುತ್ತವೆ. "ಇಲ್ಲ" ಎಂದು ಒತ್ತಿದರೆ ದರ ಇಳಿಯುತ್ತದೆ, ಪಾಲಿಸಿಯೂ ಬರುತ್ತದೆ. ಆದರೆ ಹಳೆಯ ಕಂಪನಿಯನ್ನು ಕೇಳಿ ಪರೀಕ್ಷಿಸಿದಾಗ ಸುಳ್ಳು ಹೊರಬಿದ್ದರೆ, ಓನ್ ಡ್ಯಾಮೇಜ್ ಭಾಗದ ಲಾಭಗಳೇ ಮುಟ್ಟುಗೋಲಾಗಬಹುದು. ಉಳಿಸಿದ್ದು ಕೆಲವು ಸಾವಿರ, ಕಳೆದುಕೊಂಡದ್ದು ಇಡೀ ಕ್ಲೇಮ್.

ಹೊಸ ಕಾರಿನವರು ತಪ್ಪುವುದು ಬೇರೆ ರೀತಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಓನ್ ಡ್ಯಾಮೇಜ್ ಮಾತ್ರ ಬಹುತೇಕ ಒಂದೇ ವರ್ಷದ್ದು. "ಮೂರು ವರ್ಷ ಇನ್ಶೂರೆನ್ಸ್ ಇದೆ" ಎಂದು ನಂಬಿ ಸುಮ್ಮನಿದ್ದರೆ ಪೊಲೀಸರು ತಡೆಯುವುದಿಲ್ಲ, ಯಾರೂ ಎಚ್ಚರಿಸುವುದಿಲ್ಲ. ಒಳಗೇ ಓನ್ ಡ್ಯಾಮೇಜ್ ಮುಗಿದು, ಮೊದಲ ಮೆಟ್ಟಿಲೂ ಕುಸಿದಿರುತ್ತದೆ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ಭಾಗಗಳಿಗೂ ಬೇರೆಬೇರೆ ಮುಕ್ತಾಯದ ದಿನಾಂಕ ಇರುತ್ತದೆ. ನೋಡಬೇಕಾದ್ದು ಎರಡನ್ನೂ.

ಕಾರು ಮಾರಿದವರಿಗೆ ಒಂದು ಮಾತು. ಈ ಬೋನಸ್ ಗಾಡಿಯದಲ್ಲ, ಮಾಲೀಕನದು. ಕೊಂಡವನಿಗೆ ಅದು ಹೋಗುವುದಿಲ್ಲ. ಮಾರಿದ ಕಾಗದ ತೋರಿಸಿ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದರೆ, ಮೂರು ವರ್ಷದೊಳಗೆ ಕೊಳ್ಳುವ ಇನ್ನೊಂದು ಕಾರಿಗೆ ಅದೇ ಶೇಕಡಾವಾರು ಕಡಿತ ಸಿಗುತ್ತದೆ.

ಮೇಷ್ಟ್ರು ಏಪ್ರಿಲ್ ಕೊನೆಯಲ್ಲೇ ಎಚ್ಚೆತ್ತದ್ದರಿಂದ ಅವರ ಶೇ. 50 ಇನ್ನೂ ಭದ್ರ. ವಿಡಿಯೊ ಕಳಿಸಿ, ಹಣ ಕಟ್ಟಿ, ಪಾಲಿಸಿ ಕೈಗೆ ಬರುವವರೆಗೆ ಅವರು ಮಾಡಬೇಕಾದ ಕೆಲಸ ಒಂದೇ: ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿ ಬಸ್ ಹತ್ತುವುದು.