ಬಿಸಿಯೇರಿದ ಯಂತ್ರದ ಮಂದಗತಿ

ನನ್ನ ಮೊಮ್ಮಗನ ಗೇಮಿಂಗ್ ಲ್ಯಾಪ್‌ಟಾಪು ಆಟದ ಮೊದಲ ಹತ್ತು ನಿಮಿಷ ಸರಾಗವಾಗಿ ಓಡಿ, ಆಮೇಲೆ ತಡವರಿಸುತ್ತಿತ್ತು. ಯಂತ್ರಕ್ಕೆ ಮುಪ್ಪಾಯಿತೆಂದು ಅವನು ಹೊಸದನ್ನು ಕೊಳ್ಳಹೊರಟ. ತಾಳು ಎಂದೆ. HWiNFO ಎಂಬ ತಂತ್ರಾಂಶವನ್ನು ತೆರೆದಿಟ್ಟು ಆಟವಾಡಿಸಿದೆ. ಪ್ರೊಸೆಸರಿನ ಉಷ್ಣತೆ 97 ಡಿಗ್ರಿ ಮುಟ್ಟಿದೊಡನೆ ಅದರ ವೇಗ 3.9 ಗಿಗಾಹರ್ಟ್ಸಿನಿಂದ 2.4ಕ್ಕೆ ಕುಸಿಯಿತು, Thermal Throttling ಎಂಬ ಸಾಲಿನಲ್ಲಿ Yes ಎಂದು ಮೂಡಿತು. ತಾನು ಸುಟ್ಟುಹೋಗದಿರಲೆಂದು ಯಂತ್ರವೇ ವೇಗ ತಗ್ಗಿಸಿಕೊಳ್ಳುವ ಕ್ರಮವಿದು. ಉಷ್ಣತೆ ಏರದೆಯೇ ವೇಗ ಕುಸಿದಿದ್ದರೆ ಕಾರಣವನ್ನು ಬೇರೆಡೆ, ಮುಖ್ಯವಾಗಿ ವಿದ್ಯುತ್ತಿನ ಮಿತಿಯಲ್ಲಿ, ಹುಡುಕಬೇಕಾಗುತ್ತಿತ್ತು.

ಯಂತ್ರವನ್ನು ಆರಿಸಿ, ಚಾರ್ಜರು ಕಿತ್ತು, ತಳದ ಮುಚ್ಚಳ ತೆಗೆದು, ಬ್ಯಾಟರಿಯ ಕೊಂಡಿಯನ್ನೂ ಬಿಡಿಸಿದೆವು. ಫ್ಯಾನಿಗೂ ಶಾಖ ಹೊರಹಾಕುವ ಲೋಹದ ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಹೊರಗಿನಿಂದ ಎಷ್ಟು ಊದಿದರೂ ಅದು ಹೋಗುವಂತಿರಲಿಲ್ಲ. ಫ್ಯಾನು ಗಾಳಿಯ ರಭಸಕ್ಕೆ ಗಿರ್ರನೆ ತಿರುಗಿ ಕೆಡದಂತೆ ಕಡ್ಡಿಯಿಂದ ಹಿಡಿದು, ಕುಂಚದಿಂದ ಬಿಡಿಸಿ, ಗಾಳಿಯೂದಿ ತೆಗೆದೆವು. ಬಳಿಕ ಹಿಂಬದಿಯ ಅಂಚಿಗೆ ಅಂಗುಲದೆತ್ತರದ ಎರಡು ಮರದ ತುಂಡುಗಳನ್ನಿಟ್ಟಾಗ ತಳದ ಕಿಂಡಿಗಳಿಗೆ ಉಸಿರಾಡಲು ಎಡೆಯಾಯಿತು.

ಅದೇ ಆಟ ಅರ್ಧ ಗಂಟೆ ನಡೆದ ಮೇಲೂ ಉಷ್ಣತೆ 86, ವೇಗ 3.8. ಇಷ್ಟು ಮಾಡಿಯೂ ಬಿಸಿ ಇಳಿಯದಿದ್ದರೆ ಪ್ರೊಸೆಸರಿನ ಮೇಲಣ ಉಷ್ಣವಾಹಕ ಲೇಪ ಒಣಗಿರಬಹುದು. ಅದನ್ನು ಬದಲಿಸುವುದು ಬಲ್ಲವರ ಕೆಲಸ. ನಮ್ಮಲ್ಲಿ ಮಾತ್ರ ಹೊಸದನ್ನು ಕೊಳ್ಳುವ ಮಾತು ಅಲ್ಲಿಗೇ ನಿಂತಿತು.