ಒಂದು ಒತ್ತಕ್ಷರದ ರಾತ್ರಿ

ಬೆಳಗಿನ ಕಾಫಿಯೊಡನೆ ಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ವಾಚಕರಿಗೆ, ಅದರಲ್ಲಿರುವ ಊರಿನ ಹೆಸರೊಂದರ ಸಲುವಾಗಿ ಯಾರೋ ನಿದ್ದೆಗೆಟ್ಟಿರಬಹುದೆಂಬುದು ಹೊಳೆಯುವುದಿಲ್ಲ. ಅಚ್ಚುಮೊಳೆಗಳನ್ನು ಕೈಯಿಂದಲೇ ಜೋಡಿಸುತ್ತಿದ್ದ 1960ರ ದಶಕದ ಒಂದು ರಾತ್ರಿಯ ಕಥೆಯಿದು. ಕಥೆಯೆಂದೇ ಓದಿಕೊಳ್ಳಬೇಕು, ಊರುಗಳು ಮಾತ್ರ ನಿಜ.

ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಉಪಸಂಪಾದಕನೊಬ್ಬನಿದ್ದನು. ಅವನ ಹುಟ್ಟೂರು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು. ಅವನ ಅಕ್ಕ ಅಲ್ಲಿಯೇ ಸಂಸಾರ ಹೂಡಿದ್ದಳು.

ಗಡಿಯಾರ 1 ಗಂಟೆ 10 ನಿಮಿಷ ತೋರಿಸುತ್ತಿತ್ತು. ಹೊರ ಊರುಗಳ ಆವೃತ್ತಿ ಒಂದೂವರೆಗೆ ಯಂತ್ರವೇರಬೇಕು. ತಡವಾದರೆ ಮೊದಲ ಬಸ್ಸುಗಳು ಕಟ್ಟುಗಳಿಲ್ಲದೆಯೇ ಹೊರಟುಬಿಡುವುವು. ಮೊದಲ ಪುಟದ ಕೊನೆಯ ಕರಡಚ್ಚು ಮೇಜಿಗೆ ಬಂದಿತು. ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ: ಮೈಸೂರು ಜಿಲ್ಲೆಯ ಯಳಂದೂರಿನ ಬಳಿ ಬಸ್ಸು ಮಗುಚಿ ಏಳು ಮಂದಿಗೆ ಗಾಯ, ಅವರನ್ನು ಆ ರಾತ್ರಿಯೇ ಕೋಲಾರದ ಆಸ್ಪತ್ರೆಗೆ ಸೇರಿಸಲಾಗಿದೆ.

ಅವನ ಪೆನ್ಸಿಲು ಅಲ್ಲಿಯೇ ನಿಂತಿತು. ಯಳಂದೂರು ಆಗ ಮೈಸೂರು ಜಿಲ್ಲೆಗೆ ಸೇರಿತ್ತು. 1997ರಿಂದೀಚೆಗೆ ಚಾಮರಾಜನಗರ ಜಿಲ್ಲೆಯಲ್ಲಿದೆ. ಅಲ್ಲಿ ಗಾಯಗೊಂಡವರನ್ನು ಮೈಸೂರಿಗೆ ಒಯ್ಯದೆ, ಬೆಂಗಳೂರನ್ನೂ ದಾಟಿಸಿ, 200 ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಕೋಲಾರಕ್ಕೆ ಏಕೆ ತರುತ್ತಾರೆ? ಎರಡು ವಾಕ್ಯಗಳಲ್ಲಿ ಒಂದು ಸುಳ್ಳಾಗಿರಲೇಬೇಕು.

ಯಲ್ದೂರೇ ಇರಬೇಕೆಂದು ಮನಸ್ಸು ಕೂಗಿತು. ಆದರೆ ತನ್ನ ಊರಿನವನಿಗೆ ಎಲ್ಲೆಡೆಯೂ ತನ್ನ ಊರೇ ಕಾಣಿಸುವುದುಂಟು; ಊಹೆಯಿಂದ ತಿದ್ದಿದರೆ ಒಂದು ತಪ್ಪಿನ ಜಾಗದಲ್ಲಿ ಮತ್ತೊಂದನ್ನು ಕೂರಿಸಿದಂತಾಗುವುದು. ಅವನು ಮೊಳೆಗೆ ಚುಚ್ಚಿಟ್ಟಿದ್ದ ಹಳೆಯ ಕಾಗದಗಳನ್ನು ಕಿತ್ತು ಮೂಲ ತಂತಿಯನ್ನು ಹುಡುಕಿದನು. ಇಂಗ್ಲಿಷ್ ಅಕ್ಷರಗಳ ಆ ತಂತಿ ಹೊರಟಿದ್ದುದು ಕೋಲಾರದಿಂದ. ಅದರಲ್ಲಿ ‘ಯೆಲ್ದುರ್’ ಎಂದಷ್ಟೇ ಇತ್ತು. ಜಿಲ್ಲೆಯ ಹೆಸರೇ ಇರಲಿಲ್ಲ.

ತಪ್ಪು ಹುಟ್ಟಿದ ಬಗೆ ತಿಳಿಯಿತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಯಳಂದೂರನ್ನು ಅರಿಯದವರಾರು? ನಡುವಿನ ಅಕ್ಷರಗಳು ತಂತಿಯಲ್ಲಿ ಬಿಟ್ಟುಹೋಗಿವೆಯೆಂದು ಭಾವಿಸಿ ಅನುವಾದಕನು ತಾನೇ ತುಂಬಿದ್ದನು. ವಾಚಕರಿಗೆ ಅನುಕೂಲವಾಗಲೆಂದು ಜಿಲ್ಲೆಯನ್ನೂ ಸೇರಿಸಿದ್ದನು.

ಕೋಲಾರದ ಬಾತ್ಮೀದಾರರಿಗೆ ತುರ್ತು ಟ್ರಂಕ್ ಕಾಲ್ ಹಚ್ಚಿ, ಉಪಸಂಪಾದಕನು ಅಚ್ಚುಕೂಟಕ್ಕೆ ಇಳಿದನು.

“ಮೇಸ್ತ್ರಿಗಳೇ, ಮೊದಲ ಪುಟ ಬಿಚ್ಚಬೇಕು.”

“ಬಿಗಿದಾಯಿತಲ್ಲ ಸ್ವಾಮಿ! ಹನ್ನೆರಡು ನಿಮಿಷವಿದೆ. ಊರಿನ ಹೆಸರನ್ನೇ ಕಿತ್ತುಹಾಕಿಬಿಡೋಣವೇ?”

“ಹೆಸರಿಲ್ಲದಿದ್ದರೆ, ಮನೆಯವರು ಪ್ರಯಾಣ ಹೋಗಿರುವ ಪ್ರತಿಯೊಂದು ಮನೆಯಲ್ಲಿಯೂ ಎದೆ ಒಡೆಯುತ್ತದೆ. ತಂತಿಯೂ ಆಸ್ಪತ್ರೆಯೂ ಒಂದೇ ಮಾತು ಹೇಳುತ್ತಿವೆ. ಬಿಚ್ಚಿ.”

ಮೇಸ್ತ್ರಿ ಮರುಮಾತಾಡಲಿಲ್ಲ. ಕಬ್ಬಿಣದ ಚೌಕಟ್ಟಿನ ಬಿಗಿ ಸಡಿಲಿಸಿ, ತಲೆಕೆಳಗಾದ ಅಕ್ಷರಗಳ ನಡುವಿನಿಂದ ತಪ್ಪು ಮೊಳೆಗಳನ್ನು ಚಿಮುಟದಿಂದ ಎತ್ತಿದನು. ‘ಮೈಸೂರು’ ಹೋಗಿ ‘ಕೋಲಾರ’ ಬಂದಿತು. ‘ಯಳಂದೂರು’ ಅಗಲವಾದ ಪದ, ‘ಯಲ್ದೂರು’ ಕಿರಿದು. ಸಾಲು ಸಡಿಲವಾದರೆ ಯಂತ್ರದ ಓಟದಲ್ಲಿ ಮೊಳೆಗಳು ಎದ್ದುಬರುವುವು. ಆದುದರಿಂದ ಉಳಿದ ಜಾಗಕ್ಕೆ ತೆಳುವಾದ ಸೀಸದ ತುಂಡುಗಳನ್ನು ಪದಗಳ ನಡುವೆ ಹಂಚಿ ಕೂರಿಸಿ, ಮತ್ತೆ ಬಿಗಿದನು.

ಐದು ನಿಮಿಷವಿತ್ತು. ತಿದ್ದಿದ ಸಾಲನ್ನೇ ಮತ್ತೊಮ್ಮೆ ಓದಬೇಕೆಂಬುದು ಈ ಕಸುಬಿನ ಹಳೆಯ ಪಾಠ. ಅವಸರದ ತಿದ್ದುಪಡಿಯಲ್ಲಿಯೇ ಹೊಸ ತಪ್ಪು ಅಡಗುವುದು. ಉಪಸಂಪಾದಕನು ಹಸಿ ಕರಡನ್ನು ದೀಪಕ್ಕೆ ಹಿಡಿದನು. ‘ಯಲೂರು’ ಎಂದಿತ್ತು! ದಕಾರದ ಒತ್ತು ಜಾರಿಹೋಗಿತ್ತು. ಮೇಸ್ತ್ರಿ ನೆಲದ ಮೇಲೆ ಕೈಯಾಡಿಸಿದನು; ಸಿಗಲಿಲ್ಲ. ಖಾನೆಯಿಂದ ಬೇರೊಂದು ಒತ್ತನ್ನು ತಂದು ಸಿಕ್ಕಿಸಿದನು. ಮತ್ತೊಂದು ಕರಡು. ಈ ಸಲ ಸರಿ. ಯಂತ್ರ ಗುಡುಗಿತು, ಗಡಿಯಾರದಲ್ಲಿ 1 ಗಂಟೆ 33 ನಿಮಿಷ.

ಮೇಲೆ ಬಂದು ಕುಳಿತಾಗ ಅವನ ಕೈ ನಡುಗತೊಡಗಿತು. ಅಷ್ಟು ಹೊತ್ತೂ ಯಲ್ದೂರು ಬರಿಯ ಪದವಾಗಿತ್ತು. ಈಗ ಅಕ್ಕನ ಮನೆಯ ಬಾಗಿಲಾಯಿತು.

ಎರಡು ಗಂಟೆಯ ಸುಮಾರಿಗೆ ಟ್ರಂಕ್ ಕಾಲ್ ಸಿಕ್ಕಿತು.

“ಬಸ್ಸು ಮಗುಚಿದ್ದು ಯಾವ ಊರಿನ ಬಳಿ?” ಅವನು ಮೊದಲು ಕೇಳಿದ್ದು ಅದನ್ನೇ.

“ನಮ್ಮ ಯಲ್ದೂರು ಸ್ವಾಮಿ, ಶ್ರೀನಿವಾಸಪುರದ್ದು.”

ಅವನು ಕ್ಷಣಕಾಲ ಸುಮ್ಮನಿದ್ದನು. “ಗಾಯಗೊಂಡವರ ಹೆಸರು ಓದಿ,” ಎಂದನು ಆಮೇಲೆ.

ಏಳು ಹೆಸರುಗಳು ಒಂದೊಂದಾಗಿ ಬಂದವು. ಅಕ್ಕನ ಹೆಸರಿರಲಿಲ್ಲ. ಅವನು ದೀರ್ಘವಾಗಿ ಉಸಿರೆಳೆದುಕೊಂಡನು. ನಗರದ ಆವೃತ್ತಿಗೆಂದು ಹೊಸ ಹಾಳೆಯನ್ನು ಮುಂದಿಟ್ಟುಕೊಂಡನು.

“ಇನ್ನೊಮ್ಮೆ ನಿಧಾನವಾಗಿ ಹೇಳಿ. ಎರಡನೆಯ ಹೆಸರಿನಲ್ಲಿರುವುದು ಲಕಾರವೋ, ಳಕಾರವೋ?”