ಎರಡು ಡಂಬೆಲ್, ವಾರಕ್ಕೆ ಮೂರು ದಿನ

ಸೋಮವಾರ, ಬುಧವಾರ, ಶುಕ್ರವಾರ; ನಡುವೆ ಒಂದೊಂದು ದಿನ ಬಿಡುವು. ಮೂರೂ ದಿನ ಅದೇ ನಾಲ್ಕು ವ್ಯಾಯಾಮ: ಡಂಬೆಲ್ ಎದೆಗೆ ಅವಚಿಕೊಂಡು ಬಸ್ಕಿ, ನೆಲದ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು, ಮಂಚಕ್ಕೆ ಒಂದು ಕೈಯೂರಿ ಬಗ್ಗಿ ಇನ್ನೊಂದರಿಂದ ಸೊಂಟದತ್ತ ಎಳೆಯುವುದು, ಕೊನೆಗೆ ರೊಮೇನಿಯನ್ ಡೆಡ್‌ಲಿಫ್ಟ್. ಒಂದೊಂದೂ 10 ಸಲ, ಮೂರು ಸುತ್ತು.

ಹೊಸಬರು ಎಡವುವುದು ಡೆಡ್‌ಲಿಫ್ಟಿನಲ್ಲಿ. ಬೆನ್ನು ಗೂನಾಗಬಾರದು. ಮಂಡಿ ತುಸು ಸಡಿಲಿಸಿ, ಹಿಂದಿನ ಗೋಡೆಗೆ ಕುಂಡೆ ತಾಗಿಸುವ ಹಾಗೆ ಹಿಂದಕ್ಕೆ ಸರಿಯಿರಿ. ಡಂಬೆಲ್ ತೊಡೆ ಸವರುತ್ತಾ ಮಂಡಿಯ ಕೆಳಗಿಳಿಯಲಿ. ತೊಡೆಯ ಹಿಂಭಾಗ ಜಗ್ಗಿದರೆ ಸರಿ, ಸೊಂಟ ಹಿಡಿದರೆ ನಿಲ್ಲಿಸಿ.

5 ಕೆಜಿಯಿಂದ ಶುರು ಮಾಡಿದಿರಿ ಅನ್ನಿ. ಹತ್ತನೆಯದು ಮುಗಿದಾಗ ಇನ್ನೆರಡು ಆದೀತು ಅನ್ನಿಸಬೇಕು. ಇನ್ನೂ ಐದಾರು ಸಲೀಸಾದರೆ ಭಾರ ಸಾಲದು. 12ಕ್ಕೆ ಏರಿಸಿ, ಆಮೇಲೆ 7.5 ಕೆಜಿ ಹಿಡಿದು ಮತ್ತೆ ಎಂಟರಿಂದ ಹತ್ತಿಕೊಳ್ಳಿ.

ಇದರಿಂದಲೇ ಸುಡುವ ಕ್ಯಾಲೊರಿ ಹೆಚ್ಚೇನಲ್ಲ, ನಿಜ ಹೇಳಬೇಕು. ಊಟದಲ್ಲಿ ಒಂದು ಸೌಟು ಅನ್ನ ತಗ್ಗಿಸಿ, ಮೊಟ್ಟೆಯನ್ನೋ ಹೆಸರುಕಾಳನ್ನೋ ಸೇರಿಸಿ. ಆಗ ಸ್ನಾಯು ಉಳಿದು ಕೊಬ್ಬು ಇಳಿಯುತ್ತದೆ. ಹೊಕ್ಕುಳ ಮಟ್ಟದ ಸುತ್ತಳತೆಯನ್ನೂ ಬರೆದಿಡಿ: ತೂಕ ನಿಂತಲ್ಲೇ ನಿಂತರೂ ಟೇಪು ಕಡಿಮೆ ತೋರಿಸುವುದುಂಟು.